ಹುಡುಗನ ಲಗ್ನ ತುಲಾನೋ ವೃಶ್ಚಿಕಾನೋ? ತಂಗಿಯ ಜಾತಕದ ಜೊತೆ ನೋಡಿ ಹೇಳಿ

ಶಿರಸಿ ಹೈದ
ತಂಗಿಗೆ ಒಂದು ಸಂಬಂಧ ಬಂದಿದೆ. ಗುಣ 36ಕ್ಕೆ 25ರ ಹತ್ತಿರ ಬಂತು. ಏಳನೇ ಮನೆ, ಅದರ ಅಧಿಪತಿ, ಶುಕ್ರ ಮೂರನ್ನೂ ಎರಡು ಕುಂಡಲಿಯಲ್ಲಿ ಹೋಲಿಸಿ ನೋಡಿ ಅಂತ ಅಪ್ಪ ಹೇಳುತ್ತಿದ್ದಾರೆ.

ತಂಗಿ: ಮೀನ ಲಗ್ನ, 14 ಡಿಗ್ರಿ. ಮಕರದಲ್ಲಿ ರವಿ 12, ಶುಕ್ರ 18. ಬುಧ ಕುಂಭದಲ್ಲಿ 1. ಚಂದ್ರ, ಗುರು ವೃಷಭದಲ್ಲಿ. ಮೃಗಶಿರಾ.
ಹುಡುಗ: ಗೌರಿ ಹಬ್ಬದ ದಿನ ಬೆಳಿಗ್ಗೆ 10.55ಕ್ಕೆ ಹುಟ್ಟಿದ್ದು. ರವಿ ಸಿಂಹದಲ್ಲಿ 20. ಕನ್ಯಾದಲ್ಲಿ ಬುಧ 5, ಶುಕ್ರ 14, ಚಂದ್ರ 18. ಕುಜ ಮಿಥುನದಲ್ಲಿ. ಹಸ್ತಾ.

ತೊಂದರೆ ಏನಂದ್ರೆ, ನನ್ನ ಮೊಬೈಲ್ ಆ್ಯಪ್ ಹುಡುಗನಿಗೆ ತುಲಾ ಲಗ್ನ ಎನ್ನುತ್ತದೆ. ಅವರ ಮನೆಯವರು ಬರೆಸಿದ ಜಾತಕದಲ್ಲಿ ವೃಶ್ಚಿಕ ಇದೆ. ಯಾವುದನ್ನು ಹಿಡಿಯುವುದು?

ರಾಘು ತುಮಕೂರು
ಲಗ್ನ ಯಾವುದಾದರೂ ಇರಲಿ, ಶುಕ್ರನನ್ನು ನೋಡಿ ಸಾಕು. ಹುಡುಗನಿಗೆ ಕನ್ಯಾದಲ್ಲಿ ನೀಚ. ನಿಮ್ಮ ತಂಗಿಗೆ ರವಿಯಿಂದ ಬರೀ 6 ಡಿಗ್ರಿ, ಅಂದರೆ ಅಸ್ತ. ಮದುವೆಯ ಕಾರಕನೇ ಎರಡೂ ಕಡೆ ಬಿದ್ದಿದ್ದಾನೆ. ಮೇಲಿಂದ ತಂಗಿಯ ಸಪ್ತಮಾಧಿಪತಿ ಬುಧ ಹನ್ನೆರಡರಲ್ಲಿ. ನಾನಾಗಿದ್ದರೆ ಮುಂದುವರಿಯುತ್ತಿರಲಿಲ್ಲ.

ಗಿರಿಜಕ್ಕ
ಅಯ್ಯೋ ರಾಘು, ಹಾಗೆ ಹೆದರಿಸಬೇಡಪ್ಪ. ನನ್ನ ಜಾತಕದಲ್ಲೂ ಶುಕ್ರ ನೀಚವೇ. ನೋಡಲು ಬಂದ ಮೂರು ಕಡೆಯವರು ಅದಕ್ಕೇ ಬೇಡ ಅಂದರು. ನಾಲ್ಕನೆಯವರು ಜಾತಕವನ್ನೇ ಕೇಳಲಿಲ್ಲ. ಈಗ 31 ವರ್ಷ ಆಯ್ತು. ಜಗಳ ಇಲ್ಲ ಅಂತಲ್ಲ. ನಿನ್ನೆ ಕೂಡ ಗ್ಯಾಸ್ ಬುಕ್ ಮಾಡಲಿಲ್ಲ ಅಂತ ಆಯ್ತು.

ಹಳೇ ಪಂಚಾಂಗ
ಮೊದಲು ಲಗ್ನದ ವಿಷಯ ಮುಗಿಸೋಣ. ಅದು ಬಗೆಹರಿಯದೆ ಹುಡುಗನ ಏಳನೇ ಮನೆ ಯಾವುದು ಅಂತಲೇ ಗೊತ್ತಾಗುವುದಿಲ್ಲ.

ಅಯನಾಂಶ ಅಂದರೆ ರಾಶಿಚಕ್ರ ಎಲ್ಲಿಂದ ಶುರು ಅಂತ ಹಿಡಿಯುವ ಲೆಕ್ಕ. ನಿಮ್ಮ ಆ್ಯಪ್ ಲಾಹಿರಿ ಅಯನಾಂಶದಲ್ಲಿ ಲೆಕ್ಕ ಹಾಕಿದೆ. ಹುಡುಗನ ಕಡೆಯವರ ಜ್ಯೋತಿಷಿ ಬೆಂಗಳೂರಿನ ಬಿ.ವಿ. ರಾಮನ್ ಅವರ ಅಯನಾಂಶ ಹಿಡಿದಿರಬೇಕು. ನಮ್ಮ ಕಡೆ ಅದನ್ನು ಬಳಸುವವರು ಈಗಲೂ ಇದ್ದಾರೆ. ಎರಡಕ್ಕೂ ಸುಮಾರು ಒಂದೂವರೆ ಡಿಗ್ರಿ ವ್ಯತ್ಯಾಸ. ರಾಮನ್ ಲೆಕ್ಕದಲ್ಲಿ ಲಗ್ನ, ಗ್ರಹ ಎಲ್ಲವೂ ಅಷ್ಟು ಮುಂದೆ ಇರುತ್ತವೆ. ರಾಶಿಯ ನಡುವೆ ಇದ್ದರೆ ಏನೂ ಆಗುವುದಿಲ್ಲ. ಆದರೆ ಆ್ಯಪ್‌ನಲ್ಲಿ ಹುಡುಗನ ಲಗ್ನ ಎಷ್ಟು ಡಿಗ್ರಿ ತೋರಿಸುತ್ತಿದೆ ನೋಡಿ. 29ರ ಹತ್ತಿರ ಇರಬೇಕು.

ಶಿರಸಿ ಹೈದ
ಹೌದು ಸರ್! ತುಲಾ 29 ಡಿಗ್ರಿ ದಾಟಿದೆ. ಸೆಟ್ಟಿಂಗ್‌ನಲ್ಲಿ ರಾಮನ್ ಅಂತ ಬದಲಾಯಿಸಿದೆ. ವೃಶ್ಚಿಕ ಅರ್ಧ ಡಿಗ್ರಿ ಚಿಲ್ಲರೆ ಬಂತು.

ಹಳೇ ಪಂಚಾಂಗ
ನೋಡಿ, ಇಷ್ಟೇ. ಈಗ ಈ ಅರ್ಧ ಡಿಗ್ರಿಗೆ ಏನೇನು ತಲೆಕೆಳಗಾಗುತ್ತದೆ ಅಂತ ಹೇಳುತ್ತೇನೆ.

ತುಲಾ ಆದರೆ ಏಳನೇ ಮನೆ ಮೇಷ, ಅಧಿಪತಿ ಕುಜ. ಅವನು ಮಿಥುನದಲ್ಲಿ, ಅಂದರೆ ಒಂಬತ್ತರಲ್ಲಿ ಕೂತಿದ್ದಾನೆ. ಭಾಗ್ಯದ ಮನೆ, ಒಳ್ಳೆಯ ಜಾಗ. ನಿಮ್ಮ ತಂಗಿಯ ಸಪ್ತಮಾಧಿಪತಿ ಬುಧ ಕುಂಭದಲ್ಲಿ. ಕುಂಭದಿಂದ ಮಿಥುನ ಐದನೆಯದು, ಅಲ್ಲಿಂದ ಇಲ್ಲಿಗೆ ಒಂಬತ್ತು. ಇಬ್ಬರ ಅಧಿಪತಿಗಳೂ ಪರಸ್ಪರ ತ್ರಿಕೋಣದಲ್ಲಿದ್ದಾರೆ. ಇದಕ್ಕಿಂತ ಏನು ಬೇಕು?

ಅದೇ ವೃಶ್ಚಿಕ ಆದರೆ ಏಳನೇ ಮನೆ ವೃಷಭ, ಅಧಿಪತಿ ಶುಕ್ರ. ನೀಚನಾಗಿ ಕನ್ಯಾದಲ್ಲಿ. ಕುಂಭದಿಂದ ಕನ್ಯಾ ಎಂಟು, ತಿರುಗಿ ಎಣಿಸಿದರೆ ಆರು. ಷಷ್ಠಾಷ್ಟಕ. ಕುಜ ಒಂಬತ್ತು ಬಿಟ್ಟು ಎಂಟಕ್ಕೆ ಬರುತ್ತಾನೆ, ಕುಜದೋಷ ಹುಟ್ಟಿಕೊಳ್ಳುತ್ತದೆ. ಚಂದ್ರನಿಂದ, ಶುಕ್ರನಿಂದ ಎಣಿಸಿದರೆ ಕುಜ ಹತ್ತರಲ್ಲಿ, ಆ ಕಡೆಯಿಂದ ದೋಷವೇ ಇಲ್ಲ. ಹಾಗಾಗಿ ಈ ಹುಡುಗನ ಕುಜದೋಷ ಪೂರ್ತಿ ಲಗ್ನವೊಂದರ ಮೇಲೆ ನಿಂತಿದೆ.

ಇನ್ನು ಅಯನಾಂಶವನ್ನೂ ಪಕ್ಕಕ್ಕಿಡಿ. ಲಗ್ನ ಒಂದು ಡಿಗ್ರಿ ಸರಿಯಲು ಹತ್ತಿರ ಹತ್ತಿರ 4 ನಿಮಿಷ ಸಾಕು. 10.55ರ ಬದಲು 11 ಗಂಟೆಗೆ ಹುಟ್ಟಿದ್ದರೆ ಲಾಹಿರಿಯಲ್ಲೂ ವೃಶ್ಚಿಕವೇ. ಆ 10.55 ಬರೆದದ್ದು ಯಾರು, ಯಾವ ಗಡಿಯಾರ ನೋಡಿ ಬರೆದದ್ದು ಅಂತ ಕೇಳಿದ್ದೀರಾ?

ರಾಘು ತುಮಕೂರು
ಅದು ಸರಿ ಸರ್, ಒಪ್ಪಿದೆ. ಆದರೆ ಶುಕ್ರ ನೀಚ ಅನ್ನುವುದು ಲಗ್ನದಿಂದ ಬದಲಾಗುವುದಿಲ್ಲವಲ್ಲ? ವೃಶ್ಚಿಕ ಆದರೆ ಕಾರಕನೂ ಕೆಟ್ಟ, ಅಧಿಪತಿಯೂ ಕೆಟ್ಟ. ಡಬಲ್ ಪೆಟ್ಟು.

ಹಳೇ ಪಂಚಾಂಗ
ಬದಲಾಗುವುದಿಲ್ಲ, ಅಲ್ಲಿ ನೀವು ಹೇಳಿದ್ದು ಸರಿ. ಶುಕ್ರ ದಿನಕ್ಕೆ ಹೆಚ್ಚೆಂದರೆ ಒಂದೂಕಾಲು ಡಿಗ್ರಿ ನಡೆಯುತ್ತಾನೆ. ಸಮಯ ಅರ್ಧ ಗಂಟೆ ತಪ್ಪಿದರೂ ಅವನು ಅಲ್ಲೇ ಇರುತ್ತಾನೆ. ಅದಕ್ಕೇ ಸಮಯ ಅನುಮಾನ ಇರುವ ಜಾತಕದಲ್ಲಿ ನಾನು ಮೊದಲು ಶುಕ್ರ, ಚಂದ್ರರನ್ನು ನೋಡುವುದು.

ಆದರೆ ಡಬಲ್ ಪೆಟ್ಟು ಅಂದಿರಲ್ಲ, ಅಲ್ಲಿ ಲೆಕ್ಕ ತಪ್ಪಿತು. ಇರುವುದು ಒಬ್ಬನೇ ಶುಕ್ರ. ಅವನಿಗೆ ಎರಡು ಹುದ್ದೆ ಇದೆ ಅಂತ ಒಂದೇ ದೋಷವನ್ನು ಎರಡು ಸಲ ಬರೆಯಬಾರದು. ಬೇಕಾದರೆ ಒಬ್ಬನ ಮೇಲೇ ಎಲ್ಲ ಭಾರ ಬಿದ್ದಿದೆ ಅನ್ನಿ.

ಅವನ ನೀಚತ್ವವನ್ನೂ ಪೂರ್ತಿ ನೋಡಿ. ಕನ್ಯಾದ ಅಧಿಪತಿ ಬುಧ ಅಲ್ಲೇ ಉಚ್ಚನಾಗಿ ಕೂತಿದ್ದಾನೆ, ಚಂದ್ರನೂ ಅದೇ ಮನೆಯಲ್ಲಿ. ಲಗ್ನದಿಂದ ಅದು ಕೇಂದ್ರವಲ್ಲ, ಆದರೆ ಚಂದ್ರನಿಂದ ಕೇಂದ್ರ. ನೀಚಭಂಗ ಇದೆ. ಇನ್ನೊಂದು, 14 ಡಿಗ್ರಿಯ ಶುಕ್ರ ನವಾಂಶದಲ್ಲಿ ವೃಷಭಕ್ಕೆ ಹೋಗುತ್ತಾನೆ, ಸ್ವಂತ ಮನೆ. ರಾಮನ್ ಲೆಕ್ಕದಲ್ಲಿ 15 ಚಿಲ್ಲರೆ ಆದರೂ ಅದೇ ನವಾಂಶ. ಇಂಥವನನ್ನು ಬಿದ್ದುಹೋದ ಶುಕ್ರ ಅಂತ ನಾನಂತೂ ಕರೆಯುವುದಿಲ್ಲ.

ಹಾಗಂತ ತುಲಾ ಆದರೆ ಎಲ್ಲ ಹೂವಿನ ಹಾಸಿಗೆ ಅಂತ ತಿಳಿಯಬೇಡಿ. ಆಗ ಅದೇ ಶುಕ್ರ ಲಗ್ನಾಧಿಪತಿಯಾಗಿ ಹನ್ನೆರಡಕ್ಕೆ ಹೋಗುತ್ತಾನೆ. ಹುಡುಗನ ಕೈ ಖರ್ಚಿನಲ್ಲಿ ಸ್ವಲ್ಪ ಸಡಿಲ ಇರಬಹುದು.

ಮಂಗಳ ಎಸ್.
ಸರ್ ನನಗೂ ಸಪ್ತಮಾಧಿಪತಿ ಹನ್ನೆರಡರಲ್ಲಿ ಇದ್ದಾನೆ. ಮದುವೆ ಯಾವ ವರ್ಷ ಆಗುತ್ತದೆ? ಯಾವ ಹೋಮ ಮಾಡಿಸಬೇಕು?

ಗಿರಿಜಕ್ಕ
ಮಂಗಳಾ, ಇಲ್ಲಿ ನಡೆಯುತ್ತಿರುವುದು ಬೇರೆಯವರ ಜಾತಕ ಕಣಮ್ಮ. ಬೇರೆ ಕೇಳು.

ಲೋಕೇಶ ಲಾಜಿಕ್
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಬೈಯಬೇಡಿ. 4 ನಿಮಿಷಕ್ಕೆ ಗಂಡನ ಭಾಗ್ಯ ಹೋಗಿ ಕುಜದೋಷ ಬರುತ್ತದೆ ಅಂದರೆ ನಿಮಗೇ ಅನುಮಾನ ಬರುವುದಿಲ್ವಾ? ಜಯಂತ್ ನಾರ್ಲಿಕರ್ ಅವರು ಮಹಾರಾಷ್ಟ್ರದಲ್ಲಿ 27 ಜ್ಯೋತಿಷಿಗಳಿಗೆ ತಲಾ 40 ಜಾತಕ ಕೊಟ್ಟು ಪರೀಕ್ಷೆ ಮಾಡಿದ್ದರು. ಜಾಣ ಮಗುವಿನದು ಯಾವುದು, ಬುದ್ಧಿಮಾಂದ್ಯ ಇರುವ ಮಗುವಿನದು ಯಾವುದು ಅಂತ ಹೇಳಬೇಕಿತ್ತು. ಸರಾಸರಿ ಸರಿಯಾದದ್ದು ಶೇಕಡಾ 46. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು.

ಹಳೇ ಪಂಚಾಂಗ
ಗೊತ್ತು ಸ್ವಾಮಿ. ಅದು ಮದುವೆಯ ಪರೀಕ್ಷೆಯಲ್ಲ. ಆದರೆ ನಿಮ್ಮ ಮೊದಲ ಪ್ರಶ್ನೆಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ, ಅದನ್ನು ಒಪ್ಪುತ್ತೇನೆ. ಸಂಧಿಯಲ್ಲಿರುವ ಲಗ್ನ ನೋಡಿ ಧೈರ್ಯವಾಗಿ ತೀರ್ಪು ಕೊಡುವವರನ್ನು ನಾನೂ ನಂಬುವುದಿಲ್ಲ.

ಈಗ ತಂಗಿಯ ಕಡೆ ಬರೋಣ. ಇಲ್ಲಿ ಲಗ್ನ 14 ಡಿಗ್ರಿ, ರಾಶಿಯ ನಟ್ಟನಡುವೆ. ಹತ್ತು ನಿಮಿಷ ಆಚೆ ಈಚೆ ಆದರೂ, ಯಾವ ಅಯನಾಂಶ ಹಿಡಿದರೂ ಮೀನವೇ. ಏಳನೇ ಮನೆ ಕನ್ಯಾ ಗಟ್ಟಿ. ಆ ಕನ್ಯಾದಲ್ಲೇ ಹುಡುಗನ ಚಂದ್ರ, ಬುಧ, ಶುಕ್ರ ಮೂವರೂ ಇದ್ದಾರೆ. ಹುಡುಗಿಯ ಏಳನೇ ಮನೆಯೇ ಹುಡುಗನ ಜನ್ಮರಾಶಿ ಆಗುವುದನ್ನು ಹಿಂದಿನವರು ಒಳ್ಳೆಯ ಗುರುತು ಅಂತಲೇ ಎಣಿಸಿದ್ದಾರೆ. ಇದು ಲಗ್ನದ ಜಗಳದಿಂದ ಹೊರಗಿರುವ ಮಾತು. ಈ ಎರಡು ಕುಂಡಲಿಯಲ್ಲಿ ನನಗೆ ಹೆಚ್ಚು ಭಾರವಾಗಿ ಕಂಡದ್ದು ಇದೇ. ಆಮೇಲೆ ವೃಷಭದ ಗುರು ಐದನೇ ದೃಷ್ಟಿಯಿಂದ ಕನ್ಯಾವನ್ನೂ, ಒಂಬತ್ತನೇ ದೃಷ್ಟಿಯಿಂದ ಮಕರದ ಶುಕ್ರನನ್ನೂ ನೋಡುತ್ತಾನೆ.

ರಾಘು ತುಮಕೂರು
ಅಸ್ತ ಶುಕ್ರ ಆದರೂ?

ಹಳೇ ಪಂಚಾಂಗ
ಅಸ್ತ ಹೌದು, ಇಲ್ಲ ಅನ್ನುವುದಿಲ್ಲ. ಆದರೆ ಶುಕ್ರ ರವಿಯನ್ನು ಬಿಟ್ಟು 47-48 ಡಿಗ್ರಿಗಿಂತ ದೂರ ಹೋಗುವುದೇ ಇಲ್ಲ. ರವಿಯ ಹಿಂಬದಿಯಿಂದ ಹಾದು ಹೋಗುವಾಗ ಎರಡು ತಿಂಗಳಿಗೂ ಜಾಸ್ತಿ ಅವನ 10 ಡಿಗ್ರಿ ಒಳಗೇ ಇರುತ್ತಾನೆ. ಪಂಚಾಂಗದಲ್ಲಿ ಶುಕ್ರ ಮೌಢ್ಯ ಅಂತ ಹಾಕಿ ಮದುವೆ ಮುಹೂರ್ತ ನಿಲ್ಲಿಸುವುದಿಲ್ವಾ, ಅದೇ. ಆ ದಿನಗಳಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ಅಸ್ತ ಶುಕ್ರ. ಅವರೆಲ್ಲರ ಮದುವೆ ಕೆಡುತ್ತದಾ? ನನಗೆ ಕಳವಳ ಇರುವುದು ಹನ್ನೆರಡರ ಬುಧನ ಬಗ್ಗೆ. ಅವನ ಮೇಲೆ ಗುರುದೃಷ್ಟಿ ಇಲ್ಲ. ಗಂಡ ದೂರ ಇರುವುದು, ಓಡಾಟ, ಇಂಥದ್ದು. ಹುಡುಗನಿಗೆ ಕೆಲಸ ಎಲ್ಲಿ?

ಶಿರಸಿ ಹೈದ
ಮಸ್ಕತ್‌ನಲ್ಲಿ.

ಲೋಕೇಶ ಲಾಜಿಕ್
ಶಿರಸಿ ಕಡೆಗೆ ಬರುವ ಗಂಡುಗಳಲ್ಲಿ ಊರಲ್ಲೇ ಕೆಲಸ ಇರುವವರು ಎಷ್ಟು ಜನ ಸಿಗುತ್ತಾರೆ ಹೇಳಿ. ಬುಧ ಎಲ್ಲಿದ್ದರೂ ಈ ಮಾತು ಹೊಂದುತ್ತದೆ 😄

ವೈದಿಕರ ಮಗಳು
ಒಂದು ವಿಷಯ ಯಾರೂ ಎತ್ತಲಿಲ್ಲ. ಹೆಣ್ಣಿನ ಜಾತಕದಲ್ಲಿ ಗಂಡನಿಗೆ ಕಾರಕ ಗುರು ಅಂತ ನಮ್ಮ ತಂದೆ ಹೇಳುತ್ತಿದ್ದರು. ಶುಕ್ರ ಗಂಡಿನ ಜಾತಕಕ್ಕೆ. ಹಾಗಾದರೆ ತಂಗಿಯ ಅಸ್ತ ಶುಕ್ರನ ಬಗ್ಗೆ ಇಷ್ಟು ಚರ್ಚೆಯೇ ಬೇಡ ಅಲ್ವಾ? ಗುರು ಚಂದ್ರನ ಜೊತೆ ಚೆನ್ನಾಗಿಯೇ ಇದ್ದಾನೆ.

ಹಳೇ ಪಂಚಾಂಗ
ನಿಮ್ಮ ತಂದೆ ಹೇಳಿದ ಪದ್ಧತಿ ಇದೆ. ಆದರೆ ದಾಂಪತ್ಯ ಸುಖಕ್ಕೆ ಇಬ್ಬರಲ್ಲೂ ಶುಕ್ರನನ್ನೇ ನೋಡುವವರೂ ಇದ್ದಾರೆ, ನಾನು ಆ ಕಡೆ. ಇಬ್ಬರ ಶುಕ್ರರೂ ಕನ್ಯಾ ಮತ್ತು ಮಕರ, ಅದೂ ತ್ರಿಕೋಣವೇ. ನಿಮ್ಮ ದಾರಿಯಲ್ಲಿ ಹೋದರೂ ತಂಗಿಯ ಜಾತಕ ಇನ್ನೂ ಒಂದು ಮೆಟ್ಟಿಲು ಮೇಲೇ ಹೋಗುತ್ತದೆ.

ವೈದಿಕರ ಮಗಳು
ಎರಡೂ ಪದ್ಧತಿಯಲ್ಲಿ ಒಳ್ಳೆಯದನ್ನೇ ಆರಿಸಿಕೊಂಡರೆ ಯಾವ ಜಾತಕ ತಾನೇ ಹೊಂದುವುದಿಲ್ಲ ಸರ್? ಒಂದು ಹಿಡಿಯಬೇಕು.

ಶಿರಸಿ ಹೈದ
ಈಗಷ್ಟೇ ಹುಡುಗನ ತಾಯಿಗೆ ಫೋನ್ ಮಾಡಿಸಿದೆ. 10.55 ಅಂತ ಬರೆದದ್ದು ಅವನ ಅಜ್ಜ, ಆಸ್ಪತ್ರೆ ವರಾಂಡದಲ್ಲಿ ಕೂತು ತಮ್ಮ ಕೈಗಡಿಯಾರ ನೋಡಿ. ಬಸ್ಸು ತಪ್ಪಬಾರದು ಅಂತ ಅಜ್ಜ ಯಾವಾಗಲೂ ವಾಚನ್ನು 5 ನಿಮಿಷ ಮುಂದೆ ಇಡುತ್ತಿದ್ದರಂತೆ!

ರಾಘು ತುಮಕೂರು
ಹಾಗಾದರೆ 10.50. ಲಾಹಿರಿಯಲ್ಲಿ ತುಲಾ 28ರ ಹತ್ತಿರ. ರಾಮನ್ ಹಾಕಿದರೂ 29 ಚಿಲ್ಲರೆ, ತುಲಾವೇ. ಕುಜದೋಷ ಹೋಯಿತು. ಇದನ್ನು ಒಪ್ಪುತ್ತೇನೆ.

ಹಳೇ ಪಂಚಾಂಗ
ಅವಸರ ಬೇಡ. ಮಗು ಹುಟ್ಟಿದ ಕ್ಷಣ ಅಜ್ಜ ಒಳಗಿರಲಿಲ್ಲ. ನರ್ಸ್ ಹೊರಗೆ ಬಂದು ಹೇಳುವ ಹೊತ್ತಿಗೆ ಇನ್ನೂ ಕೆಲವು ನಿಮಿಷ ಆಗಿರಬಹುದು. ಹಾಗಾದರೆ ತುಲಾ ಇನ್ನಷ್ಟು ಗಟ್ಟಿ. ಆದರೆ ಹೇಳುವಾಗಲೇ ಅಜ್ಜ ಆ 5 ನಿಮಿಷ ಕಳೆದು 10.55 ಅಂತ ಬರೆದಿದ್ದರೆ? ಹುಡುಗನಿಗೆ ತಮ್ಮನೋ ತಂಗಿಯೋ ಹುಟ್ಟಿದ್ದು ಯಾವಾಗ, ಕೆಲಸ ಸಿಕ್ಕಿದ್ದು ಯಾವಾಗ, ಊರು ಬಿಟ್ಟದ್ದು ಯಾವಾಗ, ಮೂರರ ತಾರೀಕು ಕೇಳಿ ತಂದು ಹಾಕಿ. ಎರಡು ಲಗ್ನಕ್ಕೂ ಇಟ್ಟು ನೋಡುತ್ತೇನೆ.

ಶಿರಸಿ ಹೈದ
ಸರಿ ಸರ್. ಭಾನುವಾರ ಅವರು ನಮ್ಮ ಮನೆಗೆ ಬರುತ್ತಿದ್ದಾರೆ, ಆಗಲೇ ಕೇಳುತ್ತೇನೆ. ಅಜ್ಜ ಈಗಲೂ ಇದ್ದಾರಂತೆ, ಅವರೂ ಬರುತ್ತಾರೆ.

ಗಿರಿಜಕ್ಕ
ಅಜ್ಜನ ಕೈಯಲ್ಲಿ ಈಗ ಟೈಮ್ ಎಷ್ಟು ಅಂತ ಮೊದಲು ನೋಡಿಕೋ 😀