ಆ ಕೊನೆಯ 'ಮೈನಸ್ 1' ಎಲ್ಲಿಂದ ಬರುತ್ತದೆ?

ಪ್ರಶ್ನೆ (ಬದಿಯಡ್ಕ, ಬಿ.ಎಸ್ಸಿ. ವಿದ್ಯಾರ್ಥಿನಿ): ಮಾಷ್ಟ್ರೇ, 1, 1, 2, 3, 5, 8, 13... ಈ ಫಿಬೊನಾಚಿ ಸಾಲಿನ ಮೊದಲ n ಪದಗಳನ್ನು ಕೂಡಿದರೆ F(n+2) − 1 ಬರುತ್ತದೆ. ಇಂಡಕ್ಷನ್‌ನಲ್ಲಿ ಸಾಧಿಸಿ ಮಾರ್ಕ್ಸ್ ತೆಗೆದುಕೊಂಡೆ. ಆದರೆ ಆ 1 ಯಾಕೆ ಕಳೆಯಬೇಕು ಅಂತ ಇನ್ನೂ ಅರ್ಥವಾಗಿಲ್ಲ.

ನಿವೃತ್ತ ಗಣಿತ ಅಧ್ಯಾಪಕ, ಕಾಸರಗೋಡು: ಇಂಡಕ್ಷನ್ ಒಂದು ಮಾತು ನಿಜ ಅಂತ ಹೇಳುತ್ತದೆ, ಅದು ಎಲ್ಲಿಂದ ಬಂತು ಅಂತ ಹೇಳುವುದಿಲ್ಲ. ಇದಕ್ಕೆ ನಮ್ಮ ಛಂದಸ್ಸಿನಲ್ಲೇ ಉತ್ತರವಿದೆ. ಲಘುವಿಗೆ 1 ಮಾತ್ರೆ, ಗುರುವಿಗೆ 2. ಇವುಗಳಿಂದ 5 ಮಾತ್ರೆಯ ಸಾಲನ್ನು ಎಷ್ಟು ಬಗೆಯಲ್ಲಿ ಕಟ್ಟಬಹುದು? ಸಾಲು ಲಘುವಿನಲ್ಲಿ ಮುಗಿದರೆ ಹಿಂದೆ 4 ಮಾತ್ರೆ ಉಳಿಯುತ್ತದೆ, ಗುರುವಿನಲ್ಲಿ ಮುಗಿದರೆ 3. ಹಾಗಾಗಿ ಎಣಿಕೆ ಹಿಂದಿನ ಎರಡರ ಮೊತ್ತ. 1, 2, 3, 4, 5 ಮಾತ್ರೆಗಳಿಗೆ ಕ್ರಮವಾಗಿ 1, 2, 3, 5, 8 ಬಗೆ. ಫಿಬೊನಾಚಿ ಇದನ್ನು 1202ರಲ್ಲಿ ಬರೆಯುವ ಮೊದಲೇ, 1150ರ ಸುಮಾರಿಗೆ, ಹೇಮಚಂದ್ರ ಮಾತ್ರಾವೃತ್ತಗಳ ಎಣಿಕೆಯಲ್ಲಿ ಇದೇ ನಿಯಮ ಹೇಳಿದ್ದ.

ಈಗ ಆ 8 ಸಾಲುಗಳನ್ನು 'ಕೊನೆಯ ಗುರು ಎಲ್ಲಿದೆ' ಅಂತ ನೋಡಿ ಬೇರೆ ಮಾಡಿ. ಕೊನೆಯ ಗುರುವಿನ ನಂತರ ಬರುವುದೆಲ್ಲ ಲಘುವೇ. ಆದ್ದರಿಂದ ಆಯ್ಕೆ ಇರುವುದು ಅದರ ಹಿಂದಿನ ಭಾಗದಲ್ಲಿ ಮಾತ್ರ. (ಲ = ಲಘು, ಗು = ಗುರು)

```
ಹಿಂದೆ 3 ಮಾತ್ರೆ: ಲಲಲಗು  ಲಗುಗು  ಗುಲಗು  → 3
ಹಿಂದೆ 2 ಮಾತ್ರೆ: ಲಲಗುಲ  ಗುಗುಲ       → 2
ಹಿಂದೆ 1 ಮಾತ್ರೆ: ಲಗುಲಲ             → 1
ಹಿಂದೆ ಏನೂ ಇಲ್ಲ: ಗುಲಲಲ             → 1
ಗುರುವೇ ಇಲ್ಲ:    ಲಲಲಲಲ            → 1
```

ಮೇಲಿನ ನಾಲ್ಕು ಗುಂಪು ಸೇರಿ 1+1+2+3 = 7. ಒಟ್ಟು 8. ಗುರುವೇ ಇಲ್ಲದ ಆ ಒಂಟಿ ಸಾಲು ಯಾವ ಗುಂಪಿಗೂ ಸೇರುವುದಿಲ್ಲ. ನೀವು ಕಳೆಯುವ 1 ಅದೇ. 5ರ ಬದಲು n+1 ಮಾತ್ರೆ ಇಟ್ಟುಕೊಳ್ಳಿ, ವಾದ ಒಂದು ಅಕ್ಷರವೂ ಬದಲಾಗದು.

ಟ್ಯೂಷನ್ ಟೀಚರ್, ಮಂಜೇಶ್ವರ: ಚಂದ ಇದೆ ಸರ್. ಆದರೆ ಪರೀಕ್ಷೆಗೆ ಇಂಡಕ್ಷನ್ ಸಾಕಲ್ವಾ? ಅದರಲ್ಲೂ ಜೀವ ಇರುವುದು ಎರಡನೇ ಹೆಜ್ಜೆಯಲ್ಲಿ. n = 1 ನೋಡುವುದು ಸುಮ್ನೆ ಶಾಸ್ತ್ರಕ್ಕೆ.

ಅಧ್ಯಾಪಕ: ಪರೀಕ್ಷೆಗೆ ಸಾಕು, ಒಪ್ಪುತ್ತೇನೆ. ಶಾಸ್ತ್ರಕ್ಕೆ ಅನ್ನುವುದನ್ನು ಮಾತ್ರ ಒಪ್ಪಲಾರೆ. ಮೈನಸ್ 1 ಬಿಟ್ಟು, ಮೊತ್ತ F(n+2) ಅಂತ ತಪ್ಪಾಗಿ ಬರೆದು ನೋಡಿ. ಮುಂದಿನ ಪದ ಕೂಡಿದರೆ F(n+2) + F(n+1) = F(n+3). ಎರಡನೇ ಹೆಜ್ಜೆ ಸಲೀಸಾಗಿ ದಾಟಿತು! ಸುಳ್ಳು ಸಿಕ್ಕಿಬೀಳುವುದು n = 1ರಲ್ಲೇ: ಎಡಗಡೆ 1, ಬಲಗಡೆ 2. ಮಕ್ಕಳ ಉತ್ತರಪತ್ರಿಕೆಯಲ್ಲಿ ನಾನು ಮೊದಲು ನೋಡುತ್ತಿದ್ದುದು ಈ ಸಾಲನ್ನೇ.

ಒಬ್ಬ ತಂದೆ, ಅಕ್ಕಲಕೋಟೆ: ನಮ್ಮ ಮಗಳಿಗೂ ಶಾಲೆಯಲ್ಲಿ ಇದೇ ಸಾಲು ಕೊಟ್ಟಿದ್ದಾರೆ. 20ನೇ ಸಂಖ್ಯೆ ಕೇಳಿದ್ದಾರೆ. ಈ ಸೂತ್ರದಿಂದ ಸಿಗುತ್ತದೆಯೇ?

ಅಧ್ಯಾಪಕ: ಇಲ್ಲ ಅಣ್ಣಾ, ಇದು ಮೊತ್ತದ ಸೂತ್ರ. 20ನೇ ಪದಕ್ಕೆ ಕೂಡುತ್ತಾ ಹೋಗುವುದೇ ಸುಲಭ, 6765 ಬರಬೇಕು. ಮಗಳೇ ಕೂಡಲಿ, ಕೊನೆಗೆ ನೀವು ತಾಳೆ ನೋಡಿ.

ಟ್ಯೂಷನ್ ಟೀಚರ್: ಹಾಗಾದರೆ 1, 3, 4, 7, 11, 18 ಅಂತ ಶುರುವಾದರೂ 1 ಕಳೆದರೆ ಆಯ್ತಲ್ಲ?

ಅಧ್ಯಾಪಕ: ಕೂಡಿ ನೋಡಿ. 1+3+4+7 = 15. ಎರಡು ಪದ ಮುಂದಿರುವುದು 18. ಕಳೆಯಬೇಕಾದ್ದು 3, ಅಂದರೆ ಸಾಲಿನ ಎರಡನೇ ಪದ. ಫಿಬೊನಾಚಿಯಲ್ಲಿ ಎರಡನೇ ಪದ 1 ಆಗಿರುವುದರಿಂದ ನಮಗೆ ಅದು ಕಾಣುವುದಿಲ್ಲ. ಪ್ರತಿ ಪದವನ್ನೂ ಅದರ ಮುಂದಿನ ಎರಡರ ವ್ಯತ್ಯಾಸವಾಗಿ ಬರೆಯಿರಿ: 1 = 4−3, 3 = 7−4, 4 = 11−7, 7 = 18−11. ಕೂಡಿದಾಗ ಮಧ್ಯದ್ದೆಲ್ಲ ಹೊಡೆದುಹೋಗಿ 18−3 ಉಳಿಯುತ್ತದೆ. ಯಾವ ಎರಡು ಸಂಖ್ಯೆಯಿಂದ ಶುರುಮಾಡಿದರೂ ಇದು ನಡೆಯುತ್ತದೆ. ಲಘು-ಗುರುವಿನ ವಾದಕ್ಕೆ ಅಷ್ಟು ವ್ಯಾಪ್ತಿ ಇಲ್ಲ, ಆರಂಭ ಬದಲಾದರೆ ಎಣಿಸುವ ವಸ್ತುವನ್ನೇ ಬದಲಾಯಿಸಬೇಕು.

ಸಾಫ್ಟ್‌ವೇರ್ ಉದ್ಯೋಗಿ, ಹೊಸೂರು: ವರ್ಗಗಳ ಮೊತ್ತವೂ ಹೀಗೇ ಬರುತ್ತದಾ? 1+1+4+9 = 15 = 3×5.

ಅಧ್ಯಾಪಕ: ಬರುತ್ತದೆ. F(k) ಅನ್ನು F(k+1) − F(k−1) ಅಂತ ಬರೆದು F(k)ಯಿಂದ ಗುಣಿಸಿ. ವರ್ಗ ಎರಡು ಗುಣಲಬ್ಧಗಳ ವ್ಯತ್ಯಾಸವಾಗುತ್ತದೆ:

```
F(k)² = F(k)·F(k+1) − F(k−1)·F(k)
```

ಮತ್ತೆ ಮಧ್ಯದ್ದೆಲ್ಲ ಹೊಡೆದುಹೋಗಿ F(n)·F(n+1) ಉಳಿಯುತ್ತದೆ. F(0) = 0 ಆದ್ದರಿಂದ ಇಲ್ಲಿ ಕಳೆಯಲು ಏನೂ ಇಲ್ಲ.

ಪ್ರಶ್ನೆ ಕೇಳಿದವರು: ಮಾಷ್ಟ್ರೇ, ಈ ವರ್ಗದ ಸೂತ್ರವನ್ನೂ ಲಘು-ಗುರುವಿನಲ್ಲಿ ಎಣಿಸಬಹುದಾ? ಒಂದರ ಕೆಳಗೆ ಒಂದು ಅಂತ ಎರಡು ಸಾಲು ಬರೆದು ನೋಡ್ತಾ ಇದ್ದೇನೆ. ಕೊನೆಯ ಗುರು ಯಾವ ಸಾಲಿನದ್ದು ಅನ್ನುವಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ.

ಅಧ್ಯಾಪಕ: ದಾರಿ ಸರಿ ಇದೆ. n−1 ಮಾತ್ರೆಯದ್ದೊಂದು, n ಮಾತ್ರೆಯದ್ದೊಂದು ಸಾಲು ಇಟ್ಟುಕೊಳ್ಳಿ, ಒಟ್ಟು ಜೋಡಿಗಳು F(n)·F(n+1) ಆಗುತ್ತವೆ. n = 3ಕ್ಕೆ 6 ಜೋಡಿ ಮಾತ್ರ. ಅವನ್ನು ಪೂರ್ತಿ ಬರೆದು, 1, 1, 4 ಅಂತ ಹೇಗೆ ಗುಂಪಾಗುತ್ತವೆ ನೋಡಿ ಇಲ್ಲಿ ಹಾಕಿ.