ಟೊರೊಂಟೊದಲ್ಲಿ ಆದ ಮದುವೆ, ಮೈಸೂರಿನಲ್ಲಿ ರಿಜಿಸ್ಟರ್

ಪ್ರಶ್ನೆ (ಕುವೆಂಪುನಗರ, ಮೈಸೂರು): ನನ್ನದು ಭಾರತದ ಪಾಸ್‌ಪೋರ್ಟ್. ಗಂಡ ಕೆನಡಾದವರು, ಕ್ರೈಸ್ತರು. 2024ರ ಮೇ ತಿಂಗಳಲ್ಲಿ ಟೊರೊಂಟೊದಲ್ಲಿ ಮದುವೆಯಾದೆವು. ಅಮ್ಮನಿಗೆ ಹುಷಾರಿಲ್ಲ ಅಂತ ನಾನು ಊರಿಗೆ ಬಂದಿದ್ದೇನೆ. ಅವರಿಗೆ ಇಲ್ಲಿಯ ವೀಸಾ, ಮುಂದೆ ಓಸಿಐ, ಅಂದರೆ ಸಾಗರೋತ್ತರ ಭಾರತೀಯರ ಕಾರ್ಡ್ ಬೇಕು. ನನಗೆ ಅಲ್ಲಿಯ ಪಿಆರ್, ಅಂದರೆ ಕಾಯಂ ಆಗಿ ನೆಲೆಸುವ ಅನುಮತಿ ಬೇಕು. ಮದುವೆಯನ್ನು ಇಲ್ಲೂ ರಿಜಿಸ್ಟರ್ ಮಾಡಿಸಲೇಬೇಕಾ? ಅವರಿಗೆ ಸಿಗುವ ರಜೆ ಮೂರೇ ವಾರ.

ವಿಜಯನಗರದ ಸದಸ್ಯರು: ಇದಕ್ಕೆ ಯಾಕೆ ತಲೆ ಕೆಡಿಸಿಕೊಳ್ತೀರಿ? ನಂಜನಗೂಡಿನಲ್ಲಿ ತಾಳಿ ಕಟ್ಟಿಸಿ, ಹಿಂದೂ ವಿವಾಹ ಕಾಯ್ದೆಯಲ್ಲಿ ರಿಜಿಸ್ಟರ್ ಮಾಡಿಸಿ. ಬೇಗ ಆಗುತ್ತೆ.

ವಕೀಲರು (ಮೈಸೂರು): ಬೇಗ ಆಗುತ್ತೆ ಅನ್ನೋದು ಇಬ್ಬರೂ ಹಿಂದೂಗಳಾಗಿದ್ದರೆ ಸರಿ. ಇಲ್ಲಿ ಗಂಡ ಕ್ರೈಸ್ತರು, ಆ ಕಾಯ್ದೆ ಇವರಿಗೆ ಬರುವುದೇ ಇಲ್ಲ.

ತಂಗಿ, ನಿಮ್ಮ ಪಿಆರ್‌ಗೆ ಭಾರತದ ಸರ್ಟಿಫಿಕೇಟ್ ಬೇಕಾಗಿಲ್ಲ. ಮದುವೆ ಆಗಿರುವುದೇ ಕೆನಡಾದಲ್ಲಿ, ಅಲ್ಲಿಯ ಸರ್ಟಿಫಿಕೇಟ್ ಸಾಕು. ಆದರೆ ಮದುವೆ ದಿನ ನಡೆಸಿಕೊಟ್ಟವರು ಕೈಗೆ ಕೊಟ್ಟ ಹಾಳೆಯನ್ನೇ ಸರ್ಟಿಫಿಕೇಟ್ ಅಂದುಕೊಳ್ಳಬೇಡಿ. ಅದು ಮದುವೆ ನಡೆದದ್ದಕ್ಕೆ ನೆನಪಿನ ಕಾಗದ, ಅಷ್ಟೆ. ಅಸಲಿಯನ್ನು ಟೊರೊಂಟೊ ಇರುವ ಒಂಟಾರಿಯೊ ಪ್ರಾಂತ್ಯದ ಸರ್ಕಾರಿ ಸೇವಾ ಕೇಂದ್ರ ServiceOntario ಮೂಲಕ ಅರ್ಜಿ ಹಾಕಿ ತರಿಸಬೇಕು. ಅದಕ್ಕೆ ಒಂಟಾರಿಯೊದಲ್ಲೇ ಅಪೊಸ್ಟಿಲ್ ಮಾಡಿಸಿ, ಅಂದರೆ ಬೇರೆ ದೇಶದಲ್ಲೂ ಒಪ್ಪುವಂಥ ಸರ್ಕಾರಿ ದೃಢೀಕರಣ. ಕೆನಡಾದಲ್ಲಿ ಈ ವ್ಯವಸ್ಥೆ 2024ರ ಜನವರಿ 11ರಿಂದ ಇದೆ. ಅದಾದ ಮೇಲೆ ಆ ಕಾಗದ ಇಲ್ಲೂ ನಡೆಯುತ್ತದೆ. ನಿಮ್ಮವರ ವೀಸಾಗೆ ಸಾಮಾನ್ಯವಾಗಿ ಇದನ್ನೇ ಕೇಳುತ್ತಾರೆ.

ಮಂಡ್ಯದ ಸದಸ್ಯರು: ನನ್ನ ತಮ್ಮನ ಮದುವೆ ಕ್ಯಾಲಿಫೋರ್ನಿಯಾದಲ್ಲಿ ಆಯ್ತು, ಇಬ್ಬರೂ ನಮ್ಮೋರೇ. ಸರ್ಟಿಫಿಕೇಟ್ ನನ್ನ ಹತ್ತಿರ ಇದೆ. ಬೆಂಗಳೂರಿನಲ್ಲಿ ಅಪೊಸ್ಟಿಲ್ ಹಾಕಿಸಬಹುದಾ ಸಾರ್?

ವಕೀಲರು: ಆಗಲ್ಲ. ಕಾಗದ ಯಾವ ದೇಶದ್ದೋ ಅಪೊಸ್ಟಿಲ್ ಕೂಡ ಆ ದೇಶದ್ದೇ ಆಗಬೇಕು. ನಮ್ಮ ವಿದೇಶಾಂಗ ಸಚಿವಾಲಯ ಹಾಕುವುದು ಇಲ್ಲಿಯ ಕಾಗದಗಳಿಗೆ ಮಾತ್ರ. ಕ್ಯಾಲಿಫೋರ್ನಿಯಾಕ್ಕೇ ಕಳಿಸಿ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಸಾರ್. ಆದರೂ ಇಲ್ಲಿಯ ಸರ್ಟಿಫಿಕೇಟ್ ಒಂದು ಇದ್ದರೆ ಅಮ್ಮನಿಗೂ ಧೈರ್ಯ. ನಿನ್ನೆ ಒಂದು ಕಚೇರಿಯಲ್ಲಿ ಕೇಳಿದೆ. ಒಂದು ಫಾರಂ ಕೊಟ್ಟು ಇಬ್ಬರ ಹೆಸರಿನ ಮುಂದೆಯೂ 'ಅವಿವಾಹಿತ' ಅಂತ ಬರೆಯಲು ಹೇಳಿದರು.

ವಕೀಲರು: ದಯವಿಟ್ಟು ಬರೆಯಬೇಡಿ! ಅದು ವಿಶೇಷ ವಿವಾಹ ಕಾಯ್ದೆಯ 5ನೇ ಸೆಕ್ಷನ್ನಿನ ನೋಟಿಸ್, ಇನ್ನು ಮುಂದೆ ಮದುವೆಯಾಗುವವರಿಗೆ. ನೀವು ಈಗಾಗಲೇ ಗಂಡ ಹೆಂಡತಿ. ನಿಮಗೆ ಬೇಕಾದದ್ದು 15ನೇ ಸೆಕ್ಷನ್, ಬೇರೆ ಕಡೆ ಆಗಿಹೋದ ಮದುವೆಯನ್ನು ರಿಜಿಸ್ಟರ್ ಮಾಡುವುದು. ಅರ್ಜಿಯ ಮೇಲೆ ಸೆಕ್ಷನ್ ನಂಬರ್ ನೋಡಿಯೇ ಸಹಿ ಮಾಡಿ.

ನನ್ನ ಹತ್ತಿರ ಬಂದಿದ್ದ ಒಬ್ಬ ಹೆಣ್ಣುಮಗಳು ಆ ನೋಟಿಸಿಗೆ ಸಹಿ ಮಾಡಿ ಮತ್ತೆ ಮದುವೆಯಾಗಿದ್ದರು. ಕೈಯಲ್ಲಿ ಎರಡು ಸರ್ಟಿಫಿಕೇಟ್, ಎರಡು ಮದುವೆ ದಿನಾಂಕ, ಎರಡನೆಯದಕ್ಕೆ 'ಅವಿವಾಹಿತೆ' ಅಂತ ಕೊಟ್ಟ ಹೇಳಿಕೆ. ವೀಸಾ ಅರ್ಜಿಯಲ್ಲಿ ಮದುವೆ ಯಾವಾಗ ಆಯ್ತು ಎನ್ನುವ ಕಡೆ ಯಾವ ದಿನಾಂಕ ಬರೆದರೂ ಇನ್ನೊಂದು ಕಾಗದ ಅದನ್ನು ಸುಳ್ಳು ಮಾಡುತ್ತಿತ್ತು. ಆಕೆ ಎದುರಿಗೆ ಕೂತು ಅತ್ತದ್ದು ಇನ್ನೂ ಕಣ್ಣ ಮುಂದಿದೆ.

ಇನ್ನು ರಜೆಯ ವಿಷಯ. 15ನೇ ಸೆಕ್ಷನ್ನಿಗೆ ಇಬ್ಬರೂ ಅರ್ಜಿಗೆ ಮುಂಚೆ 30 ದಿನ ಈ ಜಿಲ್ಲೆಯಲ್ಲೇ ಇದ್ದಿರಬೇಕು. ಅರ್ಜಿ ಹಾಕಿದ ಮೇಲೆ ಆಕ್ಷೇಪಣೆಗೆ ಅಂತ ಇನ್ನೂ 30 ದಿನ. ಅವರು ಜೂನ್ 1ಕ್ಕೆ ಬಂದರೆ ಜುಲೈ ಮೊದಲ ವಾರ ಅರ್ಜಿ, ಆಗಸ್ಟ್ ಮೊದಲ ವಾರ ಮೂವರು ಸಾಕ್ಷಿಗಳ ಜೊತೆ ಸಹಿ. ಮೂರು ವಾರದಲ್ಲಿ ಖಂಡಿತ ಆಗಲ್ಲ. ಎರಡೂವರೆ ತಿಂಗಳು ಇರುವಂತೆ ವೀಸಾ, ಟಿಕೆಟ್ ಮಾಡಿಸಿ. ಇಲ್ಲದಿದ್ದರೆ 1969ರ ವಿದೇಶಿ ವಿವಾಹ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಅಲ್ಲಿಯ ಭಾರತೀಯ ಕಾನ್ಸುಲೇಟ್‌ನಲ್ಲಿ ರಿಜಿಸ್ಟರ್ ಮಾಡಿಸಬಹುದು. ಮಾಡಿಕೊಡುತ್ತಾರಾ ಅಂತ ಮೊದಲೇ ಮೇಲ್ ಹಾಕಿ ಕೇಳಿ.

ವಿಜಯನಗರದ ಸದಸ್ಯರು: ತಿದ್ದಿದ್ದಕ್ಕೆ ಥ್ಯಾಂಕ್ಸ್ ಸಾರ್. ಆದರೆ ಓಸಿಐಗೆ ಎರಡು ವರ್ಷ ಲೆಕ್ಕ ಹಾಕುವುದು ಇಲ್ಲಿ ರಿಜಿಸ್ಟರ್ ಆದ ದಿನದಿಂದ ಅಲ್ವಾ?

ವಕೀಲರು: ಮದುವೆ ರಿಜಿಸ್ಟರ್ ಆಗಿರಬೇಕು, ಅರ್ಜಿಗೆ ಮುಂಚೆ ಎರಡು ವರ್ಷ ಬಿಡದೆ ಉಳಿದಿರಬೇಕು. ಪೌರತ್ವ ಕಾಯ್ದೆಯ 7ಎ ಹೇಳುವುದು ಇಷ್ಟು. ಭಾರತದಲ್ಲೇ ರಿಜಿಸ್ಟರ್ ಆಗಿರಬೇಕು ಅಂತ ಅದರಲ್ಲಿಲ್ಲ. ಹಾಗಾಗಿ ನಾನು ಕೆನಡಾದ ದಿನಾಂಕವನ್ನೇ ಹಿಡಿದು ವಾದ ಮಾಡುತ್ತೇನೆ. ಆದರೆ ಅರ್ಜಿ ನೋಡುವ ಅಧಿಕಾರಿ ಒಪ್ಪಲೇಬೇಕು ಅಂತ ಈಗಲೇ ಮಾತು ಕೊಡಲಾರೆ.

ಪ್ರಶ್ನೆ ಕೇಳಿದವರು: ಆ ಫಾರಂ ಇನ್ನೂ ಬ್ಯಾಗಿನಲ್ಲೇ ಇತ್ತು ಸಾರ್, ಈಗ ಹರಿದು ಹಾಕಿದೆ. ಅಸಲಿ ಸರ್ಟಿಫಿಕೇಟ್ ತರಿಸಲು ಅವರಿಗೆ ಇವತ್ತೇ ಹೇಳುತ್ತೇನೆ.