ಪದಚರ್ಚೆ: ‘ಅದೇ’ ಶಾಲು, ‘ಅಂಥ’ ಶಾಲು

ಪ್ರಶ್ನೆ, ಸಾಗರ ಸೀಮೆಯಿಂದ

ಎಲ್ಲರಿಗೂ ನಮಸ್ಕಾರ. ನಾವು ಮಾರುವ ಶಾಲಿನ ಜೊತೆ ಇಡುವ ಚೀಟಿಗೆ ನಾಲ್ಕು ಸಾಲು ಬರೆಯಬೇಕು. ಹದಿನೈದು ದಿನದಿಂದ ಬರೆದು ಬರೆದು ಹರಿದು ಹಾಕುತ್ತಿದ್ದೇನೆ.

ನಾವು ಐದು ಜನ ಹೆಂಗಸರು ಸೇರಿ ಕೈಮಗ್ಗದ ಹತ್ತಿ ಶಾಲುಗಳಿಗೆ ಅಡಿಕೆ ಚೊಗರಿನ ಬಣ್ಣ ಹಾಕುತ್ತೇವೆ. ಚೊಗರು ಮಲೆನಾಡಿನವರಿಗೆ ಗೊತ್ತೇ ಇದೆ. ಹಸಿ ಅಡಿಕೆ ಸುಲಿದು ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಕೆಂಪು ನೀರು. ಕೊಯ್ಲಿನ ಕಾಲದಲ್ಲಿ ನಾಲ್ಕಾರು ಮನೆಗಳಿಂದ ತಂದು ತುಂಬಿಟ್ಟುಕೊಂಡು ವರ್ಷವಿಡೀ ಬಳಸುತ್ತೇವೆ. ಬಟ್ಟೆಯನ್ನು ಮೊದಲು ಪಟಿಕದ ನೀರಿನಲ್ಲಿ ನೆನೆಸಿ, ಆಮೇಲೆ ಬಿಸಿ ಚೊಗರಿನಲ್ಲಿ ಅದ್ದುತ್ತೇವೆ. ಹಾಗಾಗಿ ಒಂದು ಹಂಡೆಯಲ್ಲಿ ಬಂದ ಬಣ್ಣ ಇನ್ನೊಂದು ಹಂಡೆಯಲ್ಲಿ ಬರುವುದಿಲ್ಲ.

ಹೋದ ತಿಂಗಳು ಬೆಂಗಳೂರಿನ ಒಬ್ಬರು ಫೋಟೋ ನೋಡಿ ಒಂದು ಶಾಲು ತರಿಸಿದರು. ತುಂಬ ಹಿಡಿಸಿತು. ತಂಗಿಗೂ ಒಂದು ಇರಲಿ ಅಂತ ಮೂರು ವಾರ ಬಿಟ್ಟು ಇನ್ನೊಂದು ತರಿಸಿದರು. ಮೊದಲನೆಯದು ಇಟ್ಟಿಗೆ ಕೆಂಪು, ಎರಡನೆಯದು ಕಂದಿಗೆ ತಿರುಗಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ಫೋಟೋ ಕಳಿಸಿ, “ಇದು ನೀವು ತೋರಿಸಿದ ಶಾಲಲ್ಲ” ಅಂದರು. ನಮ್ಮ ಚೀಟಿಯಲ್ಲಿ “ಇದು ಕರಕುಶಲ ವಸ್ತು, ಸಣ್ಣಪುಟ್ಟ ವ್ಯತ್ಯಾಸಗಳು ಇರಬಹುದು” ಅಂತ ಇದೆ. ಅದನ್ನು ತೋರಿಸಿದೆ. “ಸಣ್ಣಪುಟ್ಟ ಅಂದರೆ ಎಷ್ಟು?” ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಒಂದೊಂದೂ ಬೇರೆ, ಆದರೆ ಅದು ಕೊರತೆಯಲ್ಲ ಅನ್ನುವುದನ್ನು ಕನ್ನಡದಲ್ಲಿ ಹೇಗೆ ಹೇಳುವುದು?

ಬೆಂಗಳೂರಿನಿಂದ, ಜಾಹೀರಾತು ಬರೆಯುವವನು

ಇದಕ್ಕೆ ಒಳ್ಳೊಳ್ಳೆ ಪದಗಳಿವೆ. ಅನನ್ಯ, ಅದ್ವಿತೀಯ, ಅಪೂರ್ವ. “ಅನನ್ಯ ಕಲಾಕೃತಿ” ಅಂತ ದೊಡ್ಡ ಅಕ್ಷರದಲ್ಲಿ ಹಾಕಿ, ಬೆಲೆಯನ್ನೂ ಸ್ವಲ್ಪ ಏರಿಸಿ.

ತೀರ್ಥಹಳ್ಳಿಯಿಂದ, ನಿವೃತ್ತ ಮೇಷ್ಟ್ರು

ಅವರು ಕೇಳಿದ್ದು ಹೊಗಳುವ ಮಾತಲ್ಲ, ಎಚ್ಚರಿಸುವ ಮಾತು. ಅನನ್ಯ ಅಂದರೆ ಓದುವವರು “ತುಂಬ ಚೆನ್ನಾಗಿದೆ” ಅಂತ ತಿಳಿಯುತ್ತಾರೆಯೇ ಹೊರತು “ಫೋಟೋದ ಹಾಗಿರುವುದಿಲ್ಲ” ಅಂತ ತಿಳಿಯುವುದಿಲ್ಲ.

ನನ್ನ ಪ್ರಕಾರ ಎಡವಟ್ಟಾಗಿರುವುದು ‘ವ್ಯತ್ಯಾಸ’ ಪದದಿಂದ. ಸಂಸ್ಕೃತದ ಪದ, ಆದ್ದರಿಂದ ಮನಸ್ಸಿಗೆ ಹತ್ತುವುದಿಲ್ಲ. ನಮ್ಮದೇ ‘ಹೆಚ್ಚುಕಡಿಮೆ’ ಇದೆಯಲ್ಲ! “ಬಣ್ಣದಲ್ಲಿ ತುಸು ಹೆಚ್ಚುಕಡಿಮೆ ಇರುತ್ತದೆ” ಅಂತ ಬರೆಯಿರಿ.

ಶಿವಮೊಗ್ಗದಿಂದ, ನಿಘಂಟು ಕೆಲಸದಲ್ಲಿದ್ದವರು

ಮೇಷ್ಟ್ರೇ, ‘ವ್ಯತ್ಯಾಸ’ ಬೇಡ ಅನ್ನುವುದನ್ನು ಒಪ್ಪುತ್ತೇನೆ. ಆದರೆ ಕಾರಣ ಸಂಸ್ಕೃತವಲ್ಲ. ಆ ಪದ ನಮ್ಮ ಬಾಯಲ್ಲಿ ಎಲ್ಲೆಲ್ಲಿ ಬರುತ್ತದೆ ನೋಡಿ. ಲೆಕ್ಕದಲ್ಲಿ ವ್ಯತ್ಯಾಸ ಬಂತು ಅಂದರೆ ದುಡ್ಡು ಕಡಿಮೆ ಬಿದ್ದಿದೆ ಅಂತ. ಊಟದಲ್ಲಿ ವ್ಯತ್ಯಾಸ ಆಯ್ತು ಅಂದರೆ ಹೊಟ್ಟೆ ಕೆಟ್ಟಿದೆ ಅಂತ. ಒಂದು ಸರಿ ಇದ್ದು, ಇನ್ನೊಂದು ಅದರಿಂದ ತಪ್ಪಿದೆ ಅನ್ನುವ ವಾಸನೆ ಅದಕ್ಕೆ ಅಂಟಿದೆ. ಅದಕ್ಕೆ ‘ಸಣ್ಣಪುಟ್ಟ’ ಸೇರಿಸಿದರೆ ಇನ್ನೂ ಕೆಟ್ಟಿತು. ಸಣ್ಣಪುಟ್ಟ ಜಗಳ, ಸಣ್ಣಪುಟ್ಟ ತಪ್ಪು ಅನ್ನುವ ಹಾಗೆ ಅದರ ಜೊತೆಗಾರರೆಲ್ಲ ಅಂಥವರೇ.

‘ಹೆಚ್ಚುಕಡಿಮೆ’ ಬಂದರೂ ಅದೇ ಕಥೆ. “ಏನಾದ್ರೂ ಹೆಚ್ಚುಕಡಿಮೆ ಆದ್ರೆ ಯಾರು ಜವಾಬ್ದಾರಿ?” ಅನ್ನುತ್ತೇವಲ್ವಾ? ಶಾಲಿನ ಚೀಟಿಯಲ್ಲಿ ಆ ಮಾತು ಕಂಡರೆ ನನಗಂತೂ ಬಣ್ಣ ಬಿಡುತ್ತದೇನೋ ಅನ್ನಿಸುತ್ತದೆ.

ನಿಜವಾದ ತೊಡಕು ನಾಮಪದದಲ್ಲಿಲ್ಲ, ಎರಡು ಸಣ್ಣ ಮಾತುಗಳಲ್ಲಿದೆ. ಮೊದಲನೆಯದು ‘ಇರಬಹುದು’. ಬಹುದು ಅಂದರೆ ಇದ್ದರೂ ಇದ್ದೀತು, ಇಲ್ಲದಿದ್ದರೂ ಇಲ್ಲ. ಕೊಳ್ಳುವವರು ಸಹಜವಾಗಿ “ನನಗೆ ಬರುವುದು ಫೋಟೋದಂತೆಯೇ ಇರುತ್ತದೆ” ಅಂದುಕೊಳ್ಳುತ್ತಾರೆ. ನಿಮ್ಮಲ್ಲಿ ಬಣ್ಣ ಬದಲಾಗುವುದು ಖಂಡಿತ ಅಂದಮೇಲೆ ‘ಇರುತ್ತದೆ’ ಅಂತಲೇ ಬರೆಯಬೇಕು. ‘ಬಹುದು’ ನುಣುಚಿಕೊಳ್ಳುವವರ ಮಾತಾಗಿ ಕೇಳುತ್ತದೆ.

ಎರಡನೆಯದು ‘ಅದೇ’ ಮತ್ತು ‘ಅಂಥ’. ನೀವು ಮಾರುವುದರಲ್ಲಿ ಎರಡು ಬಗೆ ಇರಬೇಕು ಅಂತ ನನ್ನ ಊಹೆ. ಕೆಲವನ್ನು ಒಂದೇ ಒಂದು ಮಾಡಿ, ಅದರ ಫೋಟೋ ತೆಗೆದು, ಅದನ್ನೇ ಕಳಿಸುತ್ತೀರಿ. ಉಳಿದವಕ್ಕೆ ಒಂದರ ಫೋಟೋ ಹಾಕಿ, ಅದರ ಹಾಗೆ ಮಾಡಿದ ಬೇರೊಂದನ್ನು ಕಳಿಸುತ್ತೀರಿ. ಮೊದಲನೆಯದಕ್ಕೆ “ಚಿತ್ರದಲ್ಲಿರುವ ಶಾಲೇ ನಿಮಗೆ ಬರುತ್ತದೆ”. ಎರಡನೆಯದಕ್ಕೆ “ಚಿತ್ರದಲ್ಲಿರುವಂಥ ಶಾಲು”. ಎಚ್ಚರ, ‘ಅಂಥದೇ’ ಅಂತ ಏಕಾರ ಸೇರಿಸಬೇಡಿ. ಆ ಒಂದು ಏಕಾರ ಬಂದರೆ ಜನ ಪಡಿಯಚ್ಚು ಅಂತಲೇ ಓದುತ್ತಾರೆ.

ಸೊರಬದಿಂದ, ಹಸೆ ಚಿತ್ತಾರ ಬರೆಯುವವಳು

ನಂದೂ ಒಂದು ಇದೆ ಅಕ್ಕಾ. ನಾನು ಚಿತ್ತಾರ ಬರೆದು ಮಾರ್ತೇನೆ. ಕೆಮ್ಮಣ್ಣು ಬಳಿದು, ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಹುರಿದು ಕರಕಲು ಮಾಡಿದ ಅಕ್ಕಿಯ ಕಪ್ಪು. ಕುಂಚ ಪುಂಡಿ ನಾರಿನದು. ನಾರು ಹೊಸದಿದ್ದಾಗ ಗೆರೆ ತೆಳ್ಳಗೆ ಬರುತ್ತದೆ, ಸವೆದ ಮೇಲೆ ದಪ್ಪ. ಒಬ್ಬರು ಬಂದು “ಫೋಟೋದಲ್ಲಿ ಗೆರೆ ಸಣ್ಣ ಇತ್ತು, ಇದು ದಪ್ಪ ಇದೆ, ಡಿಸ್ಕೌಂಟ್ ಕೊಡಿ” ಅಂದರು. ಕೊಟ್ಟೆ. ಈಗ ಅನ್ನಿಸುತ್ತದೆ, ಕೊಡಬಾರದಿತ್ತು. ಕೊಟ್ಟ ಕೂಡಲೇ ಅದು ತಪ್ಪು ಅಂತ ನಾನೇ ಒಪ್ಪಿಕೊಂಡ ಹಾಗಾಯಿತು.

ನಮ್ಮ ಅಮ್ಮ “ಒಂದಿದ್ದಂಗೆ ಒಂದು ಇರಲ್ಲ” ಅಂತಾರೆ. ಅದನ್ನೇ ಬರೆದರೆ ಆಗಲ್ವಾ?

ಶಿವಮೊಗ್ಗದಿಂದ, ವಕೀಲರ ಆಫೀಸಿನಲ್ಲಿ ಕೆಲಸ ಮಾಡುವವರು

ಭಾಷೆಯಲ್ಲಿ ನಾನು ದಡ್ಡ. ಒಂದು ವಿಷಯ ಮಾತ್ರ ಹೇಳುತ್ತೇನೆ. 2020ರ ಇ-ಕಾಮರ್ಸ್ ಗ್ರಾಹಕ ರಕ್ಷಣಾ ನಿಯಮಗಳ ಪ್ರಕಾರ, ಜಾಹೀರಾತಿನಲ್ಲಿ ತೋರಿಸಿದ ಗುಣಲಕ್ಷಣ ವಸ್ತುವಿನಲ್ಲಿ ಇಲ್ಲದಿದ್ದರೆ ಮಾರುವವರು ವಾಪಸ್ ತೆಗೆದುಕೊಳ್ಳಲು ನಿರಾಕರಿಸುವ ಹಾಗಿಲ್ಲ. ಫೋಟೋದಲ್ಲಿ ಕೆಂಪು ತೋರಿಸಿ, ಕೆಳಗೆ “ಬಣ್ಣ ಬದಲಾಗಬಹುದು” ಅಂತ ಬರೆದುಬಿಟ್ಟರೆ ಸಾಕು ಅಂತ ನಂಬಿ ಕೂರಬೇಡಿ. ಬಣ್ಣ ಎಲ್ಲಿಂದ ಎಲ್ಲಿಯವರೆಗೆ ಹೋಗುತ್ತದೆ ಅಂತ ಮೊದಲೇ ಹೇಳಿದ್ದರೆ ಆಗ ತೋರಿಸಿದ್ದೇ ಆ ಇಡೀ ಹರವು ಅಂತಾಗುತ್ತದೆ. ಇನ್ನೊಂದು, ಈ ಮಾತು ಪೆಟ್ಟಿಗೆಯೊಳಗಿನ ಚೀಟಿಯಲ್ಲಿದ್ದು ಏನು ಪ್ರಯೋಜನ? ದುಡ್ಡು ಕೊಡುವ ಮೊದಲು, ಫೋಟೋ ಪಕ್ಕದಲ್ಲೇ ಕಾಣಬೇಕು.

ಪ್ರಶ್ನೆ ಕೇಳಿದವಳು, ಮತ್ತೆ

ಎಲ್ಲವನ್ನೂ ಓದಿದೆ. ಆಫೀಸಿನ ಅಣ್ಣನ ಮಾತು ಓದಿದ ಮೇಲೆ ಮನೆಯಲ್ಲಿದ್ದ ಹನ್ನೊಂದು ಶಾಲುಗಳನ್ನೂ ಜಗಲಿಯ ಮೇಲೆ ಸಾಲಾಗಿ ಹಾಸಿದೆವು. ಆಗ ಕಣ್ಣು ತೆರೆಯಿತು. ನಾವು ಬದಲಾವಣೆಯನ್ನು ತಿಳಿ ಮತ್ತು ಕಡು ಅಂತ ಅಂದುಕೊಂಡಿದ್ದೆವು. ಅಷ್ಟೇ ಅಲ್ಲ. ಬಣ್ಣವೇ ಕೆಂಪಿನಿಂದ ಕಂದಿಗೆ ಸರಿಯುತ್ತದೆ. ಸುಣ್ಣದ ತಿಳಿ ನೀರಿನಲ್ಲಿ ಒಮ್ಮೆ ಅದ್ದಿದವು ಕೆಂಪಿನ ಕಡೆಗಿದ್ದವು. ಬರೀ ಪಟಿಕದವು ಕಂದಿನ ಕಡೆಗೆ. ಒಂದು ಶಾಲಂತೂ ಬೂದಿಗೆ ತಿರುಗಿತ್ತು. ನೆನಪು ಮಾಡಿಕೊಂಡರೆ, ಅದನ್ನು ಅದ್ದಿದ ದಿನ ಕೆರೆ ನೀರಿಲ್ಲದೆ ಬೋರ್‌ವೆಲ್ ನೀರು ಹಾಕಿದ್ದೆವು. ನೀರಿನಲ್ಲಿ ಕಬ್ಬಿಣ ಇದ್ದರೆ ಚೊಗರು ಕಪ್ಪಾಗುತ್ತದೆ ಅಂತ ಗೊತ್ತಿದ್ದೂ ಮರೆತಿದ್ದೆವು. ಅದನ್ನು ಈ ಹರವಿಗೆ ಸೇರಿಸದೆ ಬೇರೆ ಇಟ್ಟೆ. ಅದು ನಮ್ಮ ತಪ್ಪೇ.

ಇನ್ನೊಂದು ಪೆದ್ದುತನವೂ ಸಿಕ್ಕಿಬಿತ್ತು. ಹಳೇ ಫೋಟೋವನ್ನು ಸಂಜೆ ಬಿಸಿಲಿನಲ್ಲಿ ತೆಗೆದಿದ್ದೆವು. ಆ ಬೆಳಕಿನಲ್ಲಿ ಎಲ್ಲ ಶಾಲೂ ಕೆಂಪೇ! ಈಗ ನೆರಳಿನಲ್ಲಿ, ಅತಿ ಕೆಂಪಾದದ್ದನ್ನೂ ಅತಿ ಕಂದಾದದ್ದನ್ನೂ ಪಕ್ಕಪಕ್ಕ ಇಟ್ಟು ತೆಗೆದಿದ್ದೇವೆ.

ಬರೆದದ್ದು ಹೀಗಿದೆ:

“ಈ ಶಾಲುಗಳಿಗೆ ಅಡಿಕೆ ಚೊಗರಿನ ಬಣ್ಣ. ಒಂದೊಂದು ಹಂಡೆಯ ಬಣ್ಣ ಒಂದೊಂದು ತರಹ ಇರುತ್ತದೆ. ಚಿತ್ರದಲ್ಲಿರುವ ಎರಡು ಶಾಲುಗಳ ನಡುವಿನ ಯಾವುದಾದರೂ ಬಣ್ಣ ನಿಮಗೆ ಬರುತ್ತದೆ: ಹೊಸ ಹೆಂಚಿನ ಕೆಂಪಿನಿಂದ ಕಾಚಿನ ಕಂದಿನವರೆಗೆ. ಉದ್ದ, ಅಗಲ, ಅಂಚಿನ ಗೆರೆ ಎಲ್ಲದರಲ್ಲೂ ಒಂದೇ. ಎರಡು ಶಾಲು ಒಂದೇ ಬಣ್ಣದವು ಬೇಕಾದರೆ ಒಟ್ಟಿಗೆ ಕೇಳಿ, ಒಂದೇ ಹಂಡೆಯವನ್ನು ಕಳಿಸುತ್ತೇವೆ. ಹರಿದಿದ್ದರೆ, ಕಲೆ ಇದ್ದರೆ ವಾಪಸ್ ತೆಗೆದುಕೊಳ್ಳುತ್ತೇವೆ.”

ಸೊರಬದ ತಂಗಿಯ ಅಮ್ಮನ ಮಾತು ಮನಸ್ಸಿನಲ್ಲಿತ್ತು. ಆದರೆ ಅದನ್ನು ಹಾಗೇ ಹಾಕಿದರೆ ಎಷ್ಟು ಬೇರೆ, ಏನು ಬೇರೆ ಅಂತ ಹೇಳಿದ ಹಾಗಾಗುವುದಿಲ್ಲ. ಮೇಲ್ಗಡೆ ತಲೆಬರಹಕ್ಕೆ ಇಡಬಹುದೇನೋ.

ಶಿವಮೊಗ್ಗದಿಂದ, ನಿಘಂಟು ಕೆಲಸದಲ್ಲಿದ್ದವರು

ಚೆನ್ನಾಗಿದೆ. ಏನು ಬದಲಾಗುತ್ತದೆ ಅನ್ನುವುದರ ಜೊತೆ ಏನು ಬದಲಾಗುವುದಿಲ್ಲ ಅಂತ ಹೇಳಿದ್ದು ಒಳ್ಳೆಯದಾಯಿತು. ಆದರೆ “ಉದ್ದ, ಅಗಲ ಎಲ್ಲದರಲ್ಲೂ ಒಂದೇ” ನಿಜವೇ? ಕೈಮಗ್ಗದ ಹತ್ತಿ ಬಿಸಿ ಬಣ್ಣದಲ್ಲಿ ಅದ್ದಿದ ಮೇಲೆ ಎಳೆದುಕೊಳ್ಳುತ್ತದೆ. ಎರಡು ಮೀಟರ್ ಶಾಲಿನಲ್ಲಿ ಒಂದೆರಡು ಇಂಚು ಆಚೀಚೆ ಆಗದೆ ಇರುತ್ತದೆಯೇ? ‘ಆಚೀಚೆ’ ಅನ್ನುವ ಪದ ಇಲ್ಲಿ ಒಗ್ಗುತ್ತದೆ ನೋಡಿ. ಹೆಚ್ಚುಕಡಿಮೆಯ ಕೆಟ್ಟ ವಾಸನೆ ಅದಕ್ಕೆ ಅಷ್ಟಿಲ್ಲ.

‘ಹಂಡೆ’ಯ ಬದಲು ‘ಒಬ್ಬೆ’ ಅನ್ನಬಹುದು. ಒಂದು ಸಲಕ್ಕೆ ಆಗುವಷ್ಟು ಅನ್ನುವುದಕ್ಕೆ ನಮ್ಮ ಮನೆಯಲ್ಲಿ ಅದೇ ಪದ.

ಸೊರಬದಿಂದ, ಹಸೆ ಚಿತ್ತಾರ ಬರೆಯುವವಳು

ಒಬ್ಬೆ ಅಂದ್ರೆ ನನಗೆ ಚಕ್ಕುಲಿ ಕರಿಯೋದು ನೆನಪಾಗುತ್ತದೆ. ಶಾಲಿಗೆ ಹಂಡೆಯೇ ಇರಲಿ.

ಪ್ರಶ್ನೆ ಕೇಳಿದವಳು

ಅಳತೆ ಹಿಡಿದು ನೋಡಿದೆ. ಹನ್ನೊಂದರಲ್ಲಿ ಅತಿ ಉದ್ದದ್ದಕ್ಕೂ ಅತಿ ಗಿಡ್ಡದ್ದಕ್ಕೂ ಎರಡೂವರೆ ಇಂಚು ಫರಕು. “ಉದ್ದದಲ್ಲಿ ಎರಡು ಮೂರು ಇಂಚು ಆಚೀಚೆ ಇರುತ್ತದೆ” ಅಂತ ತಿದ್ದಿದೆ. ಹಂಡೆಯನ್ನು ಹಾಗೇ ಬಿಟ್ಟೆ. ಬೆಂಗಳೂರಿನವರಿಗೆ ಅದೇ ಹಂಡೆಯ ಇನ್ನೊಂದು ಶಾಲು ಹುಡುಕಿದೆ, ಸಿಗಲಿಲ್ಲ. ಎರಡನೆಯದರ ದುಡ್ಡು ವಾಪಸ್ ಕೊಟ್ಟೆ.

ಚೀಟಿಯಲ್ಲಿ ಒಂದೇ ಒಂದು ಪ್ರಶ್ನೆ ಉಳಿಯಿತು. ನಮ್ಮ ಮನೆಯ ಹುಡುಗಿ, ಕಾಲೇಜಿಗೆ ಹೋಗುವವಳು, “ಕಾಚು ಅಂದ್ರೆ ಏನು?” ಅಂತ ಕೇಳಿದಳು. ಎಲೆ ಅಡಿಕೆ ಹಾಕುವವರ ಮನೆಯಲ್ಲೇ ಹೀಗೆ! ಅವಳು ಹೇಳುವುದು “ಟೀ ಡಿಕಾಕ್ಷನ್ ಬಣ್ಣ” ಅಂತ ಬರೆಯಬೇಕಂತೆ. ಸೋಮವಾರ ಪ್ರೆಸ್‌ಗೆ ಕೊಡಬೇಕು.

ತೀರ್ಥಹಳ್ಳಿಯಿಂದ, ನಿವೃತ್ತ ಮೇಷ್ಟ್ರು

ಕಾಚೇ ಇರಲಿ. ಗೊತ್ತಿಲ್ಲದವರು ಕೇಳಿ ತಿಳಿದುಕೊಳ್ಳುತ್ತಾರೆ.

ಬೆಂಗಳೂರಿನಿಂದ, ಜಾಹೀರಾತು ಬರೆಯುವವನು

ಕೇಳುವುದಿಲ್ಲ ಮೇಷ್ಟ್ರೇ, ವಾಪಸ್ ಕಳಿಸುತ್ತಾರೆ.